ಮೊದಲು ನಡೆದದ್ದು, ಮೊದಲು ತೋರಿಸುವುದು: ಸಿನಿಮಾ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ಸಿನಿಮಾ ವಿದ್ಯಾರ್ಥಿಗಳೇ,

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಿಂದ ಹೋಗಿ ಪುಣೆಯಲ್ಲೋ ಹೆಸರಘಟ್ಟದಲ್ಲೋ ಮತ್ತೆಲ್ಲೋ ಚಿತ್ರ ನಿರ್ದೇಶನ ಕಲಿಯುತ್ತಿರುವ, ಕೊನೆಯ ವರ್ಷದ ಥೀಸಿಸ್ ಚಿತ್ರಕ್ಕೆ ಕಥೆ ಹಿಡಿದು ಕೂತಿರುವ ನಿಮಗೆಲ್ಲ ಈ ಪತ್ರ. ನಿಮ್ಮಲ್ಲಿ ಬಹಳ ಮಂದಿ ಈ ಹೊತ್ತಿಗೆ ಒಂದು ಪ್ರಶ್ನೆಯ ಮುಂದೆ ನಿಂತಿರುತ್ತೀರಿ: ಮೂರು ಅಂಕದ ರಚನೆಯಲ್ಲಿ ನೇರವಾಗಿ ಹೇಳಿಬಿಡುವುದೋ, ಕಾಲಕ್ರಮ ಮುರಿದು ನಾನ್‌ಲೀನಿಯರ್ ಮಾಡುವುದೋ? ಪ್ರಯೋಗಾತ್ಮಕ ಚಿತ್ರ ಎಂದು ಪ್ರಸ್ತಾವದಲ್ಲಿ ಬರೆದುಕೊಟ್ಟ ಮೇಲೆ ಎರಡನೆಯದೇ ಸರಿ ಎಂದು ಮನಸ್ಸು ಆ ಕಡೆಗೇ ವಾಲುತ್ತದೆ. ಆ ವಾಲಿಕೆಯನ್ನು ನೀವು ಸ್ವಲ್ಪ ಹೊತ್ತು ತಡೆಹಿಡಿಯಬೇಕು ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಆ ಪ್ರಶ್ನೆಯನ್ನು ಕಟ್ಟಿರುವ ರೀತಿಯಲ್ಲೇ ಒಂದು ತಪ್ಪಿದೆ. ಅದನ್ನು ಬಿಡಿಸಿಕೊಳ್ಳದೆ ಯಾವ ಉತ್ತರ ಆರಿಸಿದರೂ ಅದು ಊಹೆಯೇ ಆಗುತ್ತದೆ.

ತಪ್ಪು ಏನೆಂದರೆ, ಮೂರಂಕ ಮತ್ತು ನಾನ್‌ಲೀನಿಯರ್ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಮೂರಂಕ ಎಂಬುದು ಒತ್ತಡದ ವಿಚಾರ. ಒಬ್ಬ ವ್ಯಕ್ತಿಗೆ ಏನೋ ಬೇಕಾಗುತ್ತದೆ, ಅಡ್ಡಿ ಬೆಳೆಯುತ್ತ ಹೋಗುತ್ತದೆ, ಕೊನೆಗೆ ಅದು ಒಂದು ಕಡೆ ಇತ್ಯರ್ಥವಾಗುತ್ತದೆ. ನಾನ್‌ಲೀನಿಯರ್ ಎಂಬುದು ಕ್ರಮದ ವಿಚಾರ. ನಡೆದ ಸಂಗತಿಗಳನ್ನು ನಡೆದ ಸಾಲಿನಲ್ಲೇ ತೋರಿಸುತ್ತೀರೋ, ಸಾಲು ಬದಲಿಸುತ್ತೀರೋ ಎಂಬುದಷ್ಟೇ ಅದರ ಪ್ರಶ್ನೆ. ಹೀಗೆ ಎರಡು ಬೇರೆ ಬೇರೆ ಪ್ರಶ್ನೆಗಳಿರುವುದರಿಂದ ಉತ್ತರಗಳೂ ಬೇರೆ ಬೇರೆಯಾಗಿ ಕೂಡಿಕೊಳ್ಳಬಹುದು. ಕನ್ನಡದಲ್ಲೇ ಇದಕ್ಕೆ ಸಾಕ್ಷಿ ಇದೆ. ರಾಮ್ ರೆಡ್ಡಿಯವರ ‘ತಿಥಿ’ ಚಿತ್ರ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ದಿನದ ಹಿಂದೆ ದಿನವಾಗಿ ನಡೆಯುತ್ತದೆ. ಕ್ರಮ ಪೂರ್ತಿ ನೇರ. ಆದರೆ ಅದಕ್ಕೆ ಒಬ್ಬನೇ ನಾಯಕನಿಲ್ಲ. ಗಡ್ಡಪ್ಪ, ತಮ್ಮಣ್ಣ, ಅಭಿ ಎಂಬ ಮೂರು ತಲೆಮಾರುಗಳಿಗೆ ಮೂರು ಬೇರೆ ಬೇಕುಗಳಿದ್ದು, ಅವು ಒಂದಕ್ಕೊಂದು ಉಜ್ಜಿಕೊಳ್ಳುತ್ತ ಸಾಗುತ್ತವೆ. ಪಠ್ಯದ ಮೂರಂಕವನ್ನು ಅದರ ಮೇಲೆ ಹೊದಿಸಲು ಹೋದರೆ ಹೊದಿಕೆ ಸಾಲುವುದಿಲ್ಲ. ಪವನ್ ಕುಮಾರ್ ಅವರ 2013ರ ‘ಲೂಸಿಯಾ’ ಇದಕ್ಕೆ ತಿರುಗುಮುರುಗು. ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗನ ಬದುಕು ಬಣ್ಣದಲ್ಲಿ, ಸಿನಿಮಾ ತಾರೆಯ ಬದುಕು ಕಪ್ಪುಬಿಳುಪಿನಲ್ಲಿ, ಜೊತೆಗೆ ಆಸ್ಪತ್ರೆಯ ಸುತ್ತ ನಡೆಯುವ ತನಿಖೆಯ ಎಳೆ. ಇವೆಲ್ಲ ಹೆಣೆದುಕೊಂಡು ಬರುತ್ತವೆ, ಯಾವುದು ನಿಜ ಯಾವುದು ಕನಸು ಎಂಬುದು ಕೊನೆಯಲ್ಲಿ ಬುಡಮೇಲಾಗುತ್ತದೆ. ಆದರೂ ಒಂದೊಂದು ಎಳೆಯನ್ನು ಬಿಡಿಸಿ ನೋಡಿ. ಪ್ರತಿಯೊಂದರಲ್ಲೂ ಬೇಕು ಹುಟ್ಟುತ್ತದೆ, ಅಡ್ಡಿ ಬೆಳೆಯುತ್ತದೆ, ಬಿಕ್ಕಟ್ಟು ಬರುತ್ತದೆ. ನಮ್ಮನ್ನು ಕುರ್ಚಿಯಲ್ಲಿ ಹಿಡಿದು ಕೂರಿಸುವುದು ಆ ಹಳೆಯ ಒತ್ತಡವೇ. ನಾವು ಎಲ್ಲಿದ್ದೇವೆಂದು ಹೇಳುವ ಕೆಲಸ ಮಾತ್ರ ಬಣ್ಣದ್ದು.

ಆದ್ದರಿಂದ ನಿಮ್ಮ ಮೊದಲ ಕೆಲಸ ಪ್ರಶ್ನೆಯನ್ನು ಎರಡಾಗಿ ಒಡೆಯುವುದು. ನನ್ನ ಕಥೆಯಲ್ಲಿ ಒತ್ತಡ ಎಲ್ಲಿಂದ ಬರುತ್ತದೆ ಎಂಬುದು ಒಂದು. ಪ್ರೇಕ್ಷಕನಿಗೆ ಯಾವುದು ಯಾವಾಗ ತಿಳಿಯಬೇಕು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಕ್ಕರೆ ಕ್ರಮ ತಾನಾಗಿ ನಿರ್ಧಾರವಾಗುತ್ತದೆ. ಕಾಲಕ್ರಮ ಮುರಿಯಲು ನನಗೆ ಕಂಡ ಅತಿ ಗಟ್ಟಿಯಾದ ಕಾರಣ ಒಂದೇ: ಅದೇ ಸಂಗತಿ ಮೊದಲು ತಿಳಿದರೆ ಪ್ರೇಕ್ಷಕನ ತೀರ್ಪು ಒಂದು ಬಗೆ, ಆಮೇಲೆ ತಿಳಿದರೆ ಇನ್ನೊಂದು ಬಗೆ, ಮತ್ತು ನಿಮ್ಮ ಚಿತ್ರಕ್ಕೆ ಆ ಎರಡನೆಯ ಬಗೆಯೇ ಬೇಕು.

ಇದಕ್ಕೆ ನಮ್ಮ ಭಾಷೆಯಲ್ಲಿ ಎಂಟು ನೂರು ವರ್ಷಗಳ ಹಿಂದಿನ ಉದಾಹರಣೆಯೇ ಇದೆ. ಜನ್ನನ ‘ಯಶೋಧರ ಚರಿತೆ’ಯನ್ನು ನೀವು ಶಾಲೆಯಲ್ಲೋ ಪಿಯುಸಿಯಲ್ಲೋ ಒಂದು ತುಣುಕಾಗಿಯಾದರೂ ಓದಿರುತ್ತೀರಿ. ಕಾಲದ ಸಾಲಿನಲ್ಲಿ ಇಟ್ಟರೆ ಕಥೆ ಹೀಗೆ: ರಾಜ ಯಶೋಧರ, ಮಾವಟಿಗನನ್ನು ಮೋಹಿಸಿದ ಅಮೃತಮತಿ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕೊಟ್ಟ ಹಿಟ್ಟಿನ ಹುಂಜದ ಬಲಿ, ತಾಯಿ ಮಗ ಇಬ್ಬರಿಗೂ ವಿಷ, ಅಲ್ಲಿಂದ ಪ್ರಾಣಿಜನ್ಮಗಳ ಸಾಲು, ಕಡೆಗೆ ಅಭಯರುಚಿ ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟು, ಮಾರಿದತ್ತ ರಾಜನ ಬಲಿಪೀಠ. ಜನ್ನ ಈ ಸಾಲಿನ ಮೊದಲಿನಿಂದ ಶುರು ಮಾಡಲಿಲ್ಲ. ಸಾಲಿನ ಕೊನೆಯಲ್ಲಿರುವ ಬಲಿಪೀಠವನ್ನೇ ಮೊದಲಿಗೆ ತಂದ. ಚಂಡಮಾರಿಯ ಮುಂದೆ ಎರಡು ಎಳೆಯ ಜೀವಗಳು ನಿಂತಿವೆ, ರಾಜ ಅವರನ್ನು ಕೊಲ್ಲಲಿದ್ದಾನೆ, ಆಗ ಅಭಯರುಚಿ ಹಿಂದಿನ ಜನ್ಮಗಳ ಕಥೆ ಹೇಳತೊಡಗುತ್ತಾನೆ. ಇದರಿಂದ ಆದದ್ದು ಎರಡು ಕೆಲಸ. ಉದ್ದದ ಜನ್ಮಾಂತರದ ಕಥೆಗೆ ತಾನಾಗಿ ಇಲ್ಲದ ಒತ್ತಡ ಬಂತು, ಏಕೆಂದರೆ ಕೇಳುವಷ್ಟು ಹೊತ್ತೂ ಕತ್ತಿ ತಲೆಯ ಮೇಲೇ ಇದೆ. ಹಿಟ್ಟಿನ ಹುಂಜವನ್ನು ಕೊಂದವನಿಗೇ ಇಷ್ಟು ಶಿಕ್ಷೆಯಾದರೆ ಜೀವಂತ ಮಕ್ಕಳನ್ನು ಕೊಲ್ಲಹೊರಟವನ ಗತಿ ಏನು ಎಂಬ ಲೆಕ್ಕವನ್ನು ಓದುಗ ಮಾರಿದತ್ತನ ಜೊತೆ ಜೊತೆಗೇ ಹಾಕುವಂತಾಯಿತು. ನೇರ ಸಾಲಿನಲ್ಲಿದ್ದಿದ್ದರೆ ಬಲಿಪೀಠ ಹತ್ತರಲ್ಲಿ ಹನ್ನೊಂದನೆಯ ಪ್ರಸಂಗವಾಗಿ ಹೋಗುತ್ತಿತ್ತು. ಕ್ರಮ ಮುರಿದದ್ದಕ್ಕೆ ಇಲ್ಲಿ ಕಾರಣ ಇದೆ, ಆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಲೂ ಬರುತ್ತದೆ. ನಿಮ್ಮ ಚಿತ್ರಕ್ಕೂ ಅಂಥದೊಂದು ವಾಕ್ಯ ಬೇಕು.

ಈ ಮಾತನ್ನು ಕೆಲಸದ ಮಟ್ಟಕ್ಕೆ ಇಳಿಸಲು ಒಂದು ಕಲ್ಪಿತ ಕಥೆಯನ್ನು ತೆಗೆದುಕೊಳ್ಳೋಣ. ನಮ್ಮ ಕಡೆಯದೇ ಇರಲಿ. ಹದಿನೆಂಟು ನಿಮಿಷದ ಚಿತ್ರ. ಒಂದು ಕಬ್ಬಿನ ಹೊಲ, ಅದರ ಮೂಲೆಯಲ್ಲಿ ಒಂದು ಬಾವಿ. ಮನೆಯ ಪುಟ್ಟ ಮಗಳು ಆ ಬಾವಿಗೆ ಬಿದ್ದು ಸತ್ತಳು. ತಂದೆ ಬಾವಿಗೆ ಮಣ್ಣು ಕಲ್ಲು ತುಂಬಿಸಿ ಮುಚ್ಚಿಸಿ, ಮೇಲೆ ಕಬ್ಬು ಹಚ್ಚಿಸಿದ. ಆಮೇಲೆ ಒಬ್ಬ ಮಗ ಹುಟ್ಟಿದ. ಅವನಿಗೆ ಅಕ್ಕನ ವಿಷಯ ಯಾರೂ ಹೇಳಲಿಲ್ಲ. ತಂದೆ ತೀರಿಕೊಂಡ ವರ್ಷ ಮೊದಲ ಸಲ ಮಗನೇ ನಿಂತು ಕಟಾವು ಮಾಡಿಸುತ್ತಿದ್ದಾನೆ. ಬೆಳಿಗ್ಗೆ ಟೋಳಿ ಬಂದಿದೆ, ಸಂಜೆಯೊಳಗೆ ಲಾರಿ ತುಂಬಬೇಕು, ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುತ್ತದೆ. ತಾಯಿ ಮಾತ್ರ ಆ ಮೂಲೆಯ ನಾಲ್ಕು ಸಾಲು ಕಡಿಯಬೇಡಿ ಎಂದು ಹಟ ಹಿಡಿದು ಕೂತಿದ್ದಾಳೆ. ಕಾರಣ ಹೇಳುವುದಿಲ್ಲ.

ಇದನ್ನು ನಡೆದ ಸಾಲಿನಲ್ಲೇ ಹೇಳಿ ನೋಡಿ. ಮೊದಲ ಮೂರು ನಿಮಿಷದಲ್ಲಿ ಮಗುವಿನ ಸಾವು, ಬಾವಿ ಮುಚ್ಚುವುದು, ನಾಟಿ. ಉಳಿದ ಹದಿನೈದು ನಿಮಿಷ ಕಟಾವಿನ ದಿನ. ಆಗ ತಾಯಿಯ ಹಟದ ಕಾರಣ ನಮಗೆ ಗೊತ್ತು, ಮಗನಿಗೆ ಗೊತ್ತಿಲ್ಲ. ನಾವು ತಾಯಿಯ ಪಕ್ಕದಲ್ಲಿ ಕೂತು ಮಗನ ಕೈಯಲ್ಲಿರುವ ಕುಡುಗೋಲನ್ನು ನೋಡುತ್ತೇವೆ. ಅವನು ತಾಯಿಯ ಮೇಲೆ ರೇಗಿದಾಗೆಲ್ಲ ಅವನ ಅರಿವುಗೇಡಿತನ ನಮ್ಮನ್ನು ಹಿಂಸಿಸುತ್ತದೆ. ‘ಇವನಿಗೆ ತಿಳಿಯುತ್ತದೋ ಇಲ್ಲವೋ’ ಎಂಬುದು ಚಿತ್ರದ ಒತ್ತಡವಾಗುತ್ತದೆ. ಇನ್ನು ಸಾಲು ಬದಲಿಸಿ. ಕಟಾವಿನ ಬೆಳಗಿನಿಂದ ಶುರು ಮಾಡಿ, ಬಾವಿಯ ಸಂಗತಿಯನ್ನು ಹದಿಮೂರನೆಯ ನಿಮಿಷಕ್ಕೆ ಇಡಿ. ಈಗ ನಾವು ಮಗನ ಪಕ್ಕದಲ್ಲಿದ್ದೇವೆ. ಟೋಳಿಯವರು ಗೊಣಗುತ್ತಾರೆ, ಮುಕಾದಮ ಗಡಿಯಾರ ನೋಡುತ್ತಾನೆ, ಲಾರಿ ಚಾಲಕ ಹಾರ್ನ್ ಬಾರಿಸುತ್ತಾನೆ. ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದು ಮಗ ಅಂದುಕೊಳ್ಳುವಾಗ ನಾವೂ ಹಾಗೆಯೇ ಅಂದುಕೊಂಡಿರುತ್ತೇವೆ. ಬಾವಿ ತೋರಿದ ಕ್ಷಣ ನಮ್ಮ ತೀರ್ಪು ನಮ್ಮ ಮೇಲೆಯೇ ತಿರುಗುತ್ತದೆ. ಮೊದಲ ಚಿತ್ರ ತಾಯಿಯ ದುಃಖದ ಬಗ್ಗೆ. ಎರಡನೆಯದು, ದುಃಖವನ್ನು ಗುರುತಿಸಲಾರದ ನಮ್ಮ ಅವಸರದ ಬಗ್ಗೆ. ಎರಡರಲ್ಲೂ ಘಟನೆಗಳು ಅವೇ, ಪಾತ್ರಗಳು ಅವೇ. ಇವುಗಳಲ್ಲಿ ಯಾವುದು ಹೆಚ್ಚು ಪ್ರಯೋಗಾತ್ಮಕ ಎಂದು ನೀವು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ನೀವು ಯಾವುದರ ಬಗ್ಗೆ ಚಿತ್ರ ಮಾಡುತ್ತಿದ್ದೀರಿ ಎಂದು ಕೇಳಿಕೊಂಡರೆ ತಕ್ಷಣ ಸಿಗುತ್ತದೆ.

ಎರಡನೆಯದನ್ನೇ ಆರಿಸಿದಿರಿ ಎನ್ನೋಣ. ಆಗ ಅದರ ಜೊತೆ ಮೂರು ಕಟ್ಟುಪಾಡುಗಳೂ ಬರುತ್ತವೆ. ಥೀಸಿಸ್ ಚಿತ್ರಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಒಂದು, ಕ್ಯಾಮೆರಾ ಯಾರ ಜೊತೆಗಿದೆ ಎಂಬುದು. ಬಾವಿಯ ವಿಷಯ ತಾಯಿಗೆ ಮೊದಲಿಂದಲೂ ಗೊತ್ತು. ನೀವು ಅವಳೊಬ್ಬಳೇ ಇರುವ ದೃಶ್ಯಗಳಿಗೆ ಹೋಗಿ, ಅವಳ ಮುಖದ ಹತ್ತಿರ ನಿಂತು, ಅವಳ ಮನಸ್ಸಿನಲ್ಲಿರುವುದನ್ನು ಮಾತ್ರ ಮುಚ್ಚಿಟ್ಟರೆ ಅದು ಮೋಸವಾಗುತ್ತದೆ, ಪ್ರೇಕ್ಷಕ ಅದನ್ನು ಕ್ಷಮಿಸುವುದಿಲ್ಲ. ಹದಿಮೂರನೆಯ ನಿಮಿಷದವರೆಗೂ ಮಗ ಇಲ್ಲದ ಕಡೆ ನೀವು ಹೋಗುವ ಹಾಗಿಲ್ಲ. ಅವನಿಗೆ ತಿಳಿಯದಿದ್ದದ್ದು ನಮಗೂ ತಿಳಿಯಲಿಲ್ಲ ಎಂಬುದು ನ್ಯಾಯ. ಎರಡು, ಸುಳಿವು. ಆ ಮೂಲೆಯ ಕಬ್ಬಿನ ಬುಡದಲ್ಲಿ ಬಾವಿಕಟ್ಟೆಯ ಒಂದು ಕೆತ್ತಿದ ಕಲ್ಲು ಮೊದಲಿಂದಲೂ ಕಾಣುತ್ತಿರಬೇಕು. ತಾಯಿ ಊಟಕ್ಕೆ ಮೊದಲು ಒಂದು ತುತ್ತು ಆ ಕಡೆಗೆ ಇಡುವುದನ್ನು ಮಗ ನೋಡಿಯೂ ನೋಡದಂತೆ ಇರಬೇಕು. ಗುಟ್ಟು ಬಯಲಾದಾಗ ಪ್ರೇಕ್ಷಕ ಹಿಂದಕ್ಕೆ ಹೋಗಿ, ಅಯ್ಯೋ, ಕಣ್ಣೆದುರೇ ಇತ್ತಲ್ಲ ಎನ್ನುವಂತಿರಬೇಕು. ಮೂರನೆಯದು, ಉಳಿದ ಸಮಯ. ಗುಟ್ಟನ್ನು ಹದಿನೇಳನೆಯ ನಿಮಿಷಕ್ಕೆ ಒಡೆದು ಹೆಸರುಗಳ ಪಟ್ಟಿ ಓಡಿಸಿದರೆ ಅದು ಒಗಟು ಬಿಡಿಸಿದಂತೆ ಮಾತ್ರ. ತಾಯಿಯನ್ನು ಹೊಸ ಕಣ್ಣಿನಿಂದ ನೋಡಲು ನಮಗೆ ಐದು ನಿಮಿಷವಾದರೂ ಬೇಕು. ಅವಳು ಅದೇ ಜಾಗದಲ್ಲಿ ಅದೇ ತುತ್ತನ್ನು ಇನ್ನೊಮ್ಮೆ ಇಡಲಿ. ಮೊದಲ ಸಲ ನೋಡಿದ ಚಿತ್ರ ಈಗ ಬೇರೆಯದೇ ಆಗಿರುತ್ತದೆ.

ಗಮನಿಸಿ, ಇಲ್ಲಿ ನಾನು ಕಟಾವಿನ ದಿನವನ್ನು ಒಡೆದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅದು ನೇರವಾಗಿಯೇ ಹೋಗುತ್ತದೆ. ಒಡೆದದ್ದು ಒಂದೇ ಕಡೆ. ಹದಿನೆಂಟು ನಿಮಿಷದಲ್ಲಿ ಪ್ರೇಕ್ಷಕ ಹೊಸ ಮುಖಗಳನ್ನು, ಊರನ್ನು, ಸಂಬಂಧಗಳನ್ನು, ಮಾತಿನ ಧಾಟಿಯನ್ನು ಹಿಡಿದುಕೊಳ್ಳಬೇಕು. ಅದರ ಮೇಲೆ ನಾಲ್ಕೈದು ಕಾಲಗಳ ಲೆಕ್ಕವನ್ನೂ ಹೇರಿದರೆ ಅವನ ಗಮನವೆಲ್ಲ ಲೆಕ್ಕಕ್ಕೇ ಖರ್ಚಾಗುತ್ತದೆ. ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ ಮಲ್ಪೆಯ ಒಂದು ಅಷ್ಟಮಿಯ ಸುತ್ತ ಹಲವರ ನೋಟಗಳನ್ನು ಅಧ್ಯಾಯ ಅಧ್ಯಾಯವಾಗಿ ಇಟ್ಟಿತು. ಅದು ಪೂರ್ಣ ಪ್ರಮಾಣದ ಚಿತ್ರ. ಒಬ್ಬೊಬ್ಬರ ನೋಟ ಬೆಳೆಯಲು ಅಲ್ಲಿ ಜಾಗವಿತ್ತು, ಅಷ್ಟಿದ್ದೂ ನೋಡುಗರಿಂದ ಅದು ಬಹಳ ಗಮನ ಬೇಡುತ್ತದೆ. ಅದೇ ವಿನ್ಯಾಸವನ್ನು ನಿಮ್ಮ ಚಿತ್ರಕ್ಕೆ ಇಳಿಸಿದರೆ ಒಬ್ಬರ ನೋಟಕ್ಕೆ ಮೂರು ನಿಮಿಷ ಸಿಕ್ಕೀತು. ಮೂರು ನಿಮಿಷದಲ್ಲಿ ಮನುಷ್ಯ ಕಾಣುವುದಿಲ್ಲ, ಮಾಹಿತಿ ಮಾತ್ರ ಕಾಣುತ್ತದೆ.

ಈಗ ನಿಮ್ಮ ಆಕ್ಷೇಪಗಳು. ನೇರ ಕಥನವೆಂದರೆ ವಾಣಿಜ್ಯ ಸಿನಿಮಾದ ದಾರಿ, ಪರೀಕ್ಷಕರು ಅದನ್ನು ಪ್ರಯೋಗವೆಂದು ಒಪ್ಪುವುದಿಲ್ಲ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ನಿಮ್ಮ ವಯಸ್ಸಿನವರೇ ಕೊಟ್ಟಿದ್ದಾರೆ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ, ಅಂದರೆ ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ, ಮೊದಲ ಬಹುಮಾನ ಗೆದ್ದದ್ದು ಒಂದು ಕನ್ನಡ ಚಿತ್ರ. ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಎಫ್‌ಟಿಐಐನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಗೆ ಮಾಡಿದ ಹದಿನಾರು ನಿಮಿಷದ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ನಮ್ಮಲ್ಲಿ ಹಳ್ಳಿಹಳ್ಳಿಗೆ ಗೊತ್ತಿರುವ ಅಜ್ಜಿ ಮತ್ತು ಹುಂಜದ ಜನಪದ ಕಥೆಯೇ ಅದರ ಬೀಜ. ಅಜ್ಜಿ ಹುಂಜವನ್ನು ಕದ್ದಳು, ಹುಂಜ ಕೂಗಲಿಲ್ಲ, ಬೆಳಕು ಹರಿಯಲಿಲ್ಲ, ಊರು ಹುಡುಕಾಟಕ್ಕೆ ಬಿತ್ತು. ಒಂದರಿಂದ ಇನ್ನೊಂದು ಹುಟ್ಟುವ ಕಾರ್ಯಕಾರಣದ ಸರಪಳಿ ಅದರ ಬೆನ್ನೆಲುಬು. ಮಗುವಿಗೂ ಹೇಳಬಹುದಾದ ಕಥೆ. ಪ್ರಯೋಗ ನಡೆದಿರುವುದು ಬೇರೆ ಕಡೆ, ಕತ್ತಲಲ್ಲಿ. ಸೂರ್ಯ ಹುಟ್ಟದ ಊರನ್ನು ಹೇಗೆ ಬೆಳಗುವುದು, ಎಷ್ಟು ಕಾಣಿಸುವುದು, ಕಾಣದ್ದನ್ನು ಶಬ್ದದಿಂದ ಹೇಗೆ ತುಂಬುವುದು ಎಂಬಲ್ಲಿ. ಕಥೆಯ ಎಲುಬು ಸರಳವಾಗಿದ್ದುದರಿಂದಲೇ ಪ್ರೇಕ್ಷಕನ ಗಮನ ಕತ್ತಲಿನ ಕಡೆಗೆ ಹೋಗಲು ಬಿಡುವಾಯಿತು ಎಂಬುದು ನನ್ನ ಓದು. ಪ್ರಯೋಗಕ್ಕೆ ಒಂದು ಸ್ಥಿರವಾದ ನೆಲ ಬೇಕು. ಬೆಳಕು, ಶಬ್ದ, ಕ್ರಮ, ಅಭಿನಯ ಎಲ್ಲವನ್ನೂ ಒಟ್ಟಿಗೇ ಅಲುಗಾಡಿಸಿದರೆ ಯಾವುದರಿಂದ ಏನಾಯಿತೆಂದು ಮಾಡಿದವರಿಗೂ ತಿಳಿಯದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಮೂರಂಕವೆಂಬುದು ಹಾಲಿವುಡ್ಡಿನ ಅಚ್ಚು, ಅದನ್ನು ನಾವೇಕೆ ಹೊರಬೇಕು ಎಂದು ಕೇಳುತ್ತೀರಿ. ಹೊರಬೇಕಿಲ್ಲ. 1979ರಲ್ಲಿ ಸಿಡ್ ಫೀಲ್ಡ್ ತಮ್ಮ ‘ಸ್ಕ್ರೀನ್‌ಪ್ಲೇ’ ಪುಸ್ತಕದಲ್ಲಿ ಬರೆದ ಲೆಕ್ಕ ಎರಡು ಗಂಟೆಯ ಚಿತ್ರಕ್ಕೆ: ನೂರಿಪ್ಪತ್ತು ಪುಟ, ಮೊದಲಂಕ ಮೂವತ್ತು, ನಡುವಿನದು ಅರವತ್ತು, ಕೊನೆಯದು ಮೂವತ್ತು. ಅದನ್ನು ಭಾಗಿಸಿ ಹದಿನೆಂಟು ನಿಮಿಷಕ್ಕೆ ಇಳಿಸಿದರೆ ಪರಿಚಯಕ್ಕೇ ನಾಲ್ಕೂವರೆ ನಿಮಿಷ ಹೋಗುತ್ತದೆ. ಕಿರುಚಿತ್ರ ಅಷ್ಟು ಹೊತ್ತು ಕಾಯುವುದಿಲ್ಲ. ಆದರೆ ನಮ್ಮದೇ ನಾಟ್ಯಶಾಸ್ತ್ರವನ್ನು ತೆರೆದು ನೋಡಿ. ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳಿದ ಆ ಗ್ರಂಥ, ಒಂದಂಕದ ಭಾಣದಂಥ ಚಿಕ್ಕ ರೂಪಕಗಳಿಗೆ ಬಂದಾಗ ನಡುವಿನ ಮೂರನ್ನು ಕೈಬಿಟ್ಟು ಮುಖ ಮತ್ತು ನಿರ್ವಹಣ ಸಾಕು ಎನ್ನುತ್ತದೆ. ಬೀಜ ಬಿತ್ತುವುದು, ಫಲ ಕಾಣಿಸುವುದು. ಉದ್ದವನ್ನು ಕುಗ್ಗಿಸುವಾಗ ಎಲ್ಲವನ್ನೂ ಸಮನಾಗಿ ಚಿಕ್ಕದು ಮಾಡಬಾರದು, ಕೆಲವನ್ನು ಪೂರ್ತಿ ತೆಗೆಯಬೇಕು ಎಂಬ ಈ ತಿಳಿವಳಿಕೆ ಕಿರುಚಿತ್ರಕ್ಕೆ ಬಹಳ ಹತ್ತಿರದ್ದು. ನಮ್ಮ ಬಾವಿಯ ಕಥೆಯಲ್ಲಿ ತಾಯಿಯ ‘ಬೇಡ’ ಎಂಬ ಒಂದು ಮಾತೇ ಮುಖ. ಅದನ್ನು ಮೊದಲ ನಿಮಿಷದಲ್ಲೇ ಆಡಿಸಬಹುದು.

ನೆನಪು ನೇರವಾಗಿ ಬರುವುದಿಲ್ಲ, ಹಾಗಿರುವಾಗ ಚಿತ್ರ ಏಕೆ ನೇರವಾಗಿರಬೇಕು ಎಂದು ಕೇಳುವವರಿದ್ದೀರಿ. ಈ ಮಾತಿನಲ್ಲಿ ನಿಜವಿದೆ. ನನ್ನ ನಿಯಮಕ್ಕೆ ಮಿತಿಯಿರುವುದೂ ಇಲ್ಲೇ. ಮಾಯಾ ಡೆರೆನ್ 1943ರಲ್ಲಿ ಅಲೆಕ್ಸಾಂಡರ್ ಹ್ಯಾಮಿಡ್ ಜೊತೆ ಮಾಡಿದ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ಹದಿನಾಲ್ಕು ನಿಮಿಷದ ಆಸುಪಾಸಿನ ಚಿತ್ರ. ಒಬ್ಬ ಹೆಂಗಸು, ಒಂದು ಮನೆ, ಬೀಗದ ಕೈ, ಚಾಕು, ಹೂವು. ಅದೇ ನಡೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಬದಲಾಗಿ. ಅಲ್ಲಿ ಬಚ್ಚಿಟ್ಟ ಗುಟ್ಟೇನಿಲ್ಲ, ಯಾವಾಗ ತಿಳಿಯಬೇಕು ಎಂಬ ಪ್ರಶ್ನೆಯೂ ಏಳುವುದಿಲ್ಲ. ಒಂದು ಮನಸ್ಥಿತಿ ತನ್ನೊಳಗೇ ಸುತ್ತುವುದನ್ನು ತೋರಿಸುವುದೇ ಅದರ ಕೆಲಸ. ನಿಮ್ಮ ಚಿತ್ರ ಆ ಜಾತಿಯದಾದರೆ ಕೇಳಿಕೊಳ್ಳಬೇಕಾದದ್ದು ಬೇರೆ: ಪ್ರತಿ ಮರುಕಳಿಕೆಯಲ್ಲಿ ಏನು ಬದಲಾಯಿತು? ತಾಯಿಗೆ ಬಾವಿಯ ರಾಟೆಯ ಶಬ್ದ ಮೂರು ಸಲ ಕೇಳಿಸುವುದಾದರೆ ಮೂರೂ ಸಲ ಅದೇ ಶಬ್ದವಾಗಿ ಕೇಳಿಸಬಾರದು. ಮೊದಲ ಸಲ ಅದು ಲಾರಿಯ ಕಿರುಗುಟ್ಟುವಿಕೆಯಂತಿರಲಿ, ಎರಡನೆಯ ಸಲ ಹಗ್ಗದ ಭಾರ ಕೇಳಲಿ, ಮೂರನೆಯ ಸಲ ಹಗ್ಗ ಹಗುರಾಗಿರುವುದು ಕೇಳಲಿ. ಬದಲಾವಣೆಯಿಲ್ಲದ ಮರುಕಳಿಕೆ ಬರೀ ಉದ್ದವನ್ನು ಹೆಚ್ಚಿಸುತ್ತದೆ.

ಉಳಿದದ್ದು ನಾನು ಅತಿ ಹೆಚ್ಚು ಹೆದರುವ ಮಾತು: ಎಲ್ಲ ಶೂಟ್ ಮಾಡಿಕೊಂಡು ಬರೋಣ, ಕ್ರಮವನ್ನು ಎಡಿಟಿಂಗ್ ಮೇಜಿನ ಮೇಲೆ ನೋಡಿಕೊಳ್ಳೋಣ. ದಯವಿಟ್ಟು ಇದನ್ನು ನಂಬಬೇಡಿ. ಕಬ್ಬಿನ ಹೊಲವನ್ನೇ ನೋಡಿ. ಕಡಿದ ಕಬ್ಬು ಮತ್ತೆ ನಿಲ್ಲುವುದಿಲ್ಲ. ಕಟಾವಿನ ದೃಶ್ಯ ಮುಗಿದ ಮೇಲೆ ಆ ಹೊಲದಲ್ಲಿ ಉಳಿಯುವುದು ಕೂಳೆ ಮತ್ತು ರವದಿ. ತಲೆ ಮೀರಿದ ಕಬ್ಬಿನ ನಡುವೆ ತಾಯಿ ನಿಂತ ಒಂದು ಶಾಟ್ ಬೇಕಿತ್ತು ಎಂದು ಎಡಿಟಿಂಗಿನಲ್ಲಿ ಹೊಳೆದರೆ ಬೇರೆ ಹೊಲ ಹುಡುಕಬೇಕು, ಇಲ್ಲವೇ ಮುಂದಿನ ಹಂಗಾಮಿನವರೆಗೆ ಕಾಯಬೇಕು. ನಿಮ್ಮ ಸಲ್ಲಿಕೆಯ ದಿನ ಕಾಯುವುದಿಲ್ಲ. ಕಥೆಯಲ್ಲಿ ಕಾಲ ಹಿಂದೆಮುಂದೆ ಆಗುವುದಾದರೆ ಯಾವ ದೃಶ್ಯದಲ್ಲಿ ಕಬ್ಬು ಮೊಳಕಾಲೆತ್ತರ, ಯಾವುದರಲ್ಲಿ ಸೂಲಂಗಿ ಬಿಟ್ಟಿದೆ, ಯಾವುದರಲ್ಲಿ ಬೋಳು ಹೊಲ ಎಂಬುದು ಶೂಟಿಂಗಿಗೆ ಮೊದಲೇ ಕಾಗದದ ಮೇಲೆ ಇರಬೇಕು. ಹಾಗೆ ಇದ್ದರೆ ಅದು ನಿಮಗೆ ದೊಡ್ಡ ಉಪಕಾರ ಮಾಡುತ್ತದೆ. ‘ಇಪ್ಪತ್ತೈದು ವರ್ಷದ ಹಿಂದೆ’ ಎಂದು ಪರದೆಯ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ, ಬೋಳು ಹೊಲ ಮತ್ತು ತೆರೆದ ಬಾವಿ ಕಂಡ ಕೂಡಲೇ ನಾವು ಎಲ್ಲಿದ್ದೇವೆಂದು ಕಣ್ಣಿಗೇ ತಿಳಿಯುತ್ತದೆ. ‘ಲೂಸಿಯಾ’ಗೆ ಬಣ್ಣ ಮಾಡಿಕೊಟ್ಟ ಕೆಲಸವನ್ನು ನಿಮಗೆ ಬೆಳೆ ಮಾಡಿಕೊಡುತ್ತದೆ.

ಹೀಗಾಗಿ ನನ್ನ ಕೋರಿಕೆ ಇದು. ಚಿತ್ರಕಥೆ ಬರೆಯುವ ಮೊದಲು ಒಂದೊಂದು ದೃಶ್ಯವನ್ನು ಒಂದೊಂದು ಚೀಟಿಯ ಮೇಲೆ ಬರೆಯಿರಿ. ಕಪ್ಪು ಶಾಯಿಯಲ್ಲಿ ಅದು ನಡೆದ ಕ್ರಮದ ಅಂಕಿ, ಕೆಂಪಿನಲ್ಲಿ ತೋರಿಸುವ ಕ್ರಮದ ಅಂಕಿ, ಕೆಳಗೆ ಒಂದು ಸಾಲಿನಲ್ಲಿ ಈ ದೃಶ್ಯದಿಂದ ಪ್ರೇಕ್ಷಕನಿಗೆ ಹೊಸದಾಗಿ ತಿಳಿದದ್ದೇನು ಎಂಬುದು. ಎರಡು ಅಂಕಿಗಳು ಬೇರೆಯಾಗಿರುವ ಪ್ರತಿ ಚೀಟಿಯನ್ನೂ ತೆಗೆದು ಅದರ ಸಹಜ ಜಾಗದಲ್ಲಿಟ್ಟು ನೋಡಿ. ಕೆಳಗಿನ ಸಾಲಿನ ಬಿಸಿ ಸ್ವಲ್ಪವೂ ಇಳಿಯದಿದ್ದರೆ ಅದು ಅಲ್ಲೇ ಇರಲಿ. ಕಾರಣವಿಲ್ಲದೆ ಅದನ್ನು ಕಿತ್ತು ತಂದಿದ್ದಿರಿ ಎಂದರ್ಥ. ಬಳಿಕ ಕಥೆ ಗೊತ್ತಿಲ್ಲದ ಮೂವರಿಗೆ, ಸಾಧ್ಯವಾದರೆ ಸಿನಿಮಾ ಓದದ ಮನೆಯವರಿಗೇ, ಚೀಟಿಗಳನ್ನು ಕೆಂಪು ಅಂಕಿಯ ಪ್ರಕಾರ ಓದಿ ಹೇಳಿ, ನಡುವೆ ಎರಡು ಕಡೆ ನಿಲ್ಲಿಸಿ. ತಿಳಿಯಿತೇ ಎಂದು ಕೇಳಬೇಡಿ, ಪ್ರೀತಿಯಿಂದ ಎಲ್ಲರೂ ಹೌದೆನ್ನುತ್ತಾರೆ. ಅವರ ಬಾಯಿಂದ ಏನು ಬರುತ್ತದೆ ಎಂದು ಕೇಳಿಸಿಕೊಳ್ಳಿ. ‘ಆ ಮುದುಕಿ ಯಾಕ ಕಡ್ಯಾಕ ಬಿಡವಲ್ಲಳು?’ ಎಂದರೆ ನಿಮ್ಮ ಕ್ರಮ ಕೆಲಸ ಮಾಡುತ್ತಿದೆ, ಅದು ಕುತೂಹಲ. ‘ಇದು ಮೊದಲ ಆದದ್ದೋ, ಆಮ್ಯಾಲ ಆದದ್ದೋ?’ ಎಂದರೆ ಅದು ಗೊಂದಲ, ಆ ಜಾಗದಲ್ಲಿ ಏನೋ ಕಡಿದುಹೋಗಿದೆ. ಎಡಿಟಿಂಗಿಗೆ ಕೂತಾಗಲೂ ಮೊದಲ ಜೋಡಣೆಯನ್ನು ಕಪ್ಪು ಅಂಕಿಯ ಪ್ರಕಾರವೇ ಮಾಡಿ ಒಮ್ಮೆ ನೋಡಿ, ಆಮೇಲೆ ಕೆಂಪಿಗೆ ಬನ್ನಿ. ಎರಡನ್ನೂ ನೋಡಿದವರಿಗೆ ಮಾತ್ರ ತಾವು ಏನನ್ನು ಗಳಿಸಿದೆವು, ಏನನ್ನು ಕಳೆದುಕೊಂಡೆವು ಎಂಬುದು ಗೊತ್ತಿರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ‘ಈ ರಚನೆ ಏಕೆ?’ ಎಂದು ಕೇಳಿದಾಗ ನಿಮ್ಮ ಬಳಿ ಇರಬೇಕಾದದ್ದು ಆ ಅರಿವೇ.

ಈ ಪತ್ರ ನಿಮ್ಮ ಮಾರ್ಗದರ್ಶಕರ ಕೈಗೂ ಹೋದರೆ ಅವರಲ್ಲಿ ನನ್ನದೊಂದು ವಿನಂತಿ. ಪ್ರಸ್ತಾವದಲ್ಲಿ ನಾನ್‌ಲೀನಿಯರ್ ಎಂಬ ಪದ ಕಂಡಾಗ ಅದಕ್ಕೇ ಅಂಕ ಕೊಡಬೇಡಿ, ನೇರ ಕ್ರಮ ಕಂಡಾಗ ಅದಕ್ಕಾಗಿ ಕಳೆಯಲೂಬೇಡಿ. ಎರಡು ಸಾಲುಗಳ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಿ, ಅವುಗಳ ನಡುವಿನ ವ್ಯತ್ಯಾಸಕ್ಕೆ ಅರ್ಧ ಪುಟದ ಕಾರಣ ಬರೆಸಿ, ಆ ಅರ್ಧ ಪುಟವನ್ನು ಅಳೆಯಿರಿ.

ಇನ್ನು ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರದಾದರೂ ಚಿತ್ರದಲ್ಲಿ ನಿಜವಾಗಿಯೂ ಕಬ್ಬಿನ ಹೊಲವಿದ್ದರೆ ಹಂಗಾಮು ಶುರುವಾಗುವ ಮೊದಲೇ ಊರಿಗೆ ಬನ್ನಿ. ಒಂದೇ ದಾರಿಯ ಎರಡು ಬದಿಯಲ್ಲಿ ಮೊಳಕಾಲೆತ್ತರದ ಬೆಳೆಯೂ ಕಟಾವಿಗೆ ಬಂದ ಬೆಳೆಯೂ ಸಿಗುವ ಹೊಲಗಳನ್ನು ಗುರುತಿಸಿ, ಹೊಲದವರ ಹತ್ತಿರ ಕಟಾವಿನ ದಿನ ಕೇಳಿಕೊಂಡು, ನಿಮ್ಮ ಚೀಟಿಗಳ ಕಪ್ಪು ಅಂಕಿಯ ಪಕ್ಕದಲ್ಲಿ ಆ ದಿನಾಂಕ ಬರೆದಿಟ್ಟುಕೊಳ್ಳಿ.

ಇತಿ,
ನಿಮ್ಮ ವಿಶ್ವಾಸಿ,
ಕರೋಶಿಯ ಒಬ್ಬ ಚಿತ್ರಕಥಾ ಲೇಖಕ
ಕರೋಶಿ, ತಾ. ಚಿಕ್ಕೋಡಿ, ಜಿ. ಬೆಳಗಾವಿ